ಐದನೇ ಸೆಕೆಂಡಿಗೆ ಸ್ಕಿಪ್ ಮಾಡಿದರೆ ಚಾನೆಲ್‌ನವರಿಗೆ ಏನೂ ಸಿಗುವುದಿಲ್ಲವೇ?

ಬೀಜಗಣಿತದ_ಬೆಂಚು
ನಾನು ಯೂಟ್ಯೂಬ್‌ನಲ್ಲಿ ಗಣಿತ ಪಾಠಗಳ ಒಂದು ಚಾನೆಲ್ ನಡೆಸುತ್ತೇನೆ. ಒಂದೊಂದು ಪಾಠವೂ ಸುಮಾರು 14 ನಿಮಿಷದ್ದು. ಕಳೆದ ವಾರ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆದಿದ್ದಳು: "ಸರ್, ಒಂದೇ ಒಂದು ಹೆಜ್ಜೆಯನ್ನು ಮತ್ತೆ ನೋಡೋಣವೆಂದು ವಿಡಿಯೊ ತೆರೆದರೆ ಸ್ಕಿಪ್ ಮಾಡಲಾಗದ ಜಾಹೀರಾತು ಬರುತ್ತದೆ. ಅದು ಮುಗಿಯುವಷ್ಟರಲ್ಲಿ ನನ್ನ ಅನುಮಾನವೇ ಮರೆತುಹೋಗಿರುತ್ತದೆ." ಅದನ್ನು ಓದಿ ನನಗೆ ನಾಚಿಕೆಯಾಯಿತು. ಆ ಬಗೆಯ ಜಾಹೀರಾತನ್ನು ನಿಲ್ಲಿಸಿ, ಸ್ಕಿಪ್ ಆಗುವವುಗಳನ್ನೂ ಆರು ಸೆಕೆಂಡಿನ ಬಂಪರ್‌ಗಳನ್ನೂ ಮಾತ್ರ ಉಳಿಸಿಕೊಳ್ಳೋಣವೆಂದು ಸ್ಟುಡಿಯೊ ತೆರೆದರೆ, ಹಿಂದೆ ಅಲ್ಲಿದ್ದ ಆಯ್ಕೆಗಳೇ ಈಗ ಕಾಣುತ್ತಿಲ್ಲ.

ನನ್ನ ಪ್ರಶ್ನೆ ಎರಡು. ಆ ಆಯ್ಕೆ ಎಲ್ಲಿಗೆ ಹೋಯಿತು? ಜನ ಐದನೇ ಸೆಕೆಂಡಿಗೆ ಸ್ಕಿಪ್ ಮಾಡಿದರೆ ನನಗೆ ನಿಜವಾಗಿಯೂ ಏನೂ ಬರುವುದಿಲ್ಲವೇ?

ಮೂರನೇ_ಟೇಕ್
ಎರಡನೆಯದಕ್ಕೆ ಉತ್ತರ ಸುಲಭ: ಏನೂ ಬರುವುದಿಲ್ಲ. ವೀಕ್ಷಕ 30 ಸೆಕೆಂಡು ನೋಡಬೇಕು. ಜಾಹೀರಾತು ಅದಕ್ಕಿಂತ ಚಿಕ್ಕದಾಗಿದ್ದರೆ ಕೊನೆಯವರೆಗೆ ನೋಡಬೇಕು, ಇಲ್ಲವೇ ಅದರ ಮೇಲೆ ಒತ್ತಬೇಕು. ಆಗ ಮಾತ್ರ ಜಾಹೀರಾತುದಾರ ಹಣ ಕೊಡುತ್ತಾನೆ, ಅದರಲ್ಲಿ ನಮಗೆ ಪಾಲು ಬರುತ್ತದೆ. ಆದ್ದರಿಂದ ಸ್ಕಿಪ್ ಆಗದ 15 ಸೆಕೆಂಡಿನ ಜಾಹೀರಾತೇ ನಮಗೆ ಒಳ್ಳೆಯದು. ನಾನಂತೂ ಪ್ರತಿ ವಿಡಿಯೊದ ಕೊನೆಗೆ "ದಯವಿಟ್ಟು ಜಾಹೀರಾತನ್ನು ಅರ್ಧ ನಿಮಿಷವಾದರೂ ನೋಡಿ, ಅದರಿಂದ ನನಗೆ ಸಹಾಯವಾಗುತ್ತದೆ" ಎಂದು ಹೇಳುತ್ತೇನೆ.

ಹರಾಜುಕಟ್ಟೆ
ಮೂರನೇ ಟೇಕ್ ಅವರೇ, ಆ ಕೊನೆಯ ಸಾಲನ್ನು ಇಂದೇ ತೆಗೆದುಬಿಡಿ. ಜಾಹೀರಾತನ್ನು ನೋಡಿ ಅಥವಾ ಒತ್ತಿ ಎಂದು ವೀಕ್ಷಕರನ್ನು ಕೇಳಿಕೊಳ್ಳುವುದು ಆಡ್‌ಸೆನ್ಸ್ ನಿಯಮಕ್ಕೆ ವಿರುದ್ಧ. ಆಸಕ್ತಿಯಿಂದಲ್ಲದೆ ನಿಮ್ಮ ಮೇಲಿನ ಅಭಿಮಾನದಿಂದ ನೋಡಿದ ನೋಟಕ್ಕೆ ಜಾಹೀರಾತುದಾರ ಹಣ ಕೊಡಬೇಕಾಗುತ್ತದೆ; ಅಂಥದ್ದನ್ನು ಅಮಾನ್ಯ ದಟ್ಟಣೆ ಎಂದು ಪರಿಗಣಿಸಿ ಗಳಿಕೆಯಿಂದ ಕಳೆಯಲಾಗುತ್ತದೆ. ಅದು ಮುಂದುವರಿದರೆ ಖಾತೆಗೇ ಕುತ್ತು ಬರಬಹುದು.

ಇನ್ನು ಸ್ಕಿಪ್‌ನ ಮಾತು. ನೀವು ಹೇಳಿದ ಮೂವತ್ತು ಸೆಕೆಂಡಿನ ಲೆಕ್ಕ ಸರಿ, ಆದರೆ ಅದು ಒಂದು ಬಗೆಯ ಖರೀದಿಗೆ ಮಾತ್ರ ಅನ್ವಯಿಸುತ್ತದೆ. ಜಾಹೀರಾತುದಾರ ನೋಟಕ್ಕೆ ಇಷ್ಟು ಎಂದು ಬೆಲೆ ಕಟ್ಟಿದ್ದರೆ ಆ ಲೆಕ್ಕ ನಡೆಯುತ್ತದೆ. ಅದೇ ಸ್ಕಿಪ್ ಆಗುವ ಜಾಹೀರಾತನ್ನು ಸಾವಿರ ಪ್ರದರ್ಶನಕ್ಕೆ ಇಷ್ಟು ಎಂದೂ ಕೊಳ್ಳಬಹುದು. ಆಗ ವೀಕ್ಷಕ ಸ್ಕಿಪ್ ಮಾಡಿದರೂ ಆ ಪ್ರದರ್ಶನ ಲೆಕ್ಕಕ್ಕೆ ಸೇರುತ್ತದೆ, ನಿಮಗೆ ಪಾಲೂ ಬರುತ್ತದೆ. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಯಾವುದು ಯಾವ ಬಗೆಯ ಖರೀದಿ ಎಂದು ವೀಕ್ಷಕನಿಗೂ ತಿಳಿಯದು, ಚಾನೆಲ್‌ನವರಿಗೂ ತಿಳಿಯದು.

ಮೂರನೇ_ಟೇಕ್
ಆ ಸಾಲನ್ನು ತೆಗೆಯುತ್ತೇನೆ, ಎಚ್ಚರಿಸಿದ್ದಕ್ಕೆ ವಂದನೆಗಳು. ಆದರೆ ಸ್ಕಿಪ್ ಆಗದ ಜಾಹೀರಾತೇ ಹೆಚ್ಚು ಕೊಡುತ್ತದೆ ಎಂಬ ನನ್ನ ಮಾತನ್ನು ಬಿಡುವುದಿಲ್ಲ. ಅಲ್ಲಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲವಲ್ಲ!

ಕಿರುಪರದೆ
ನನ್ನದು 40 ಸೆಕೆಂಡಿನ ಶಾರ್ಟ್ಸ್ ಚಾನೆಲ್. ನನ್ನ ವಿಡಿಯೊಗಳ ಮುಂದೆ ಬಂಪರ್ ಬರುವುದನ್ನು ನಾನು ಒಮ್ಮೆಯೂ ಕಂಡಿಲ್ಲ. ಅದನ್ನು ಹೇಗೆ ಆನ್ ಮಾಡುವುದೆಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಹರಾಜುಕಟ್ಟೆ
ಕಿರುಪರದೆಯವರೇ, ನಿಮ್ಮದು ಬೇರೆಯೇ ವ್ಯವಸ್ಥೆ. ಶಾರ್ಟ್ಸ್‌ನಲ್ಲಿ ಜಾಹೀರಾತು ಒಂದು ವಿಡಿಯೊಕ್ಕೂ ಇನ್ನೊಂದಕ್ಕೂ ನಡುವೆ ಬರುತ್ತದೆ, ಅದು ಯಾರ ವಿಡಿಯೊಕ್ಕೂ ಅಂಟಿಕೊಂಡಿರುವುದಿಲ್ಲ. ಹಣವೆಲ್ಲ ಒಂದು ನಿಧಿಗೆ ಸೇರುತ್ತದೆ. ಚಾನೆಲ್‌ಗಳ ಭಾಗಕ್ಕೆ ಹಂಚಿಕೆಯಾದದ್ದರಲ್ಲಿ 45 ಶೇಕಡಾ ನಿಮ್ಮದು. 2023ರ ಫೆಬ್ರುವರಿಯಿಂದ ಹೀಗಿದೆ. ಅಲ್ಲಿ ಬಂಪರನ್ನು ಆನ್ ಮಾಡುವ ಪ್ರಶ್ನೆಯೇ ಏಳುವುದಿಲ್ಲ.

ಮೇಷ್ಟ್ರ ಮೊದಲ ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. 2023ರ ನವೆಂಬರ್‌ನಿಂದ ಹೊಸ ವಿಡಿಯೊಗಳಿಗೆ ಸ್ಕಿಪ್ ಆಗುವುದು, ಆಗದ್ದು, ಮೊದಲು ಬರುವುದು, ಕೊನೆಗೆ ಬರುವುದು ಎಂದು ಬಿಡಿಬಿಡಿಯಾಗಿ ಆರಿಸುವ ಅವಕಾಶವನ್ನು ಯೂಟ್ಯೂಬ್ ತೆಗೆದುಹಾಕಿದೆ. ಈಗ ನಿಮ್ಮ ಕೈಯಲ್ಲಿರುವುದು ಎರಡೇ: ಜಾಹೀರಾತು ಬೇಕೋ ಬೇಡವೋ ಎಂಬುದು, ವಿಡಿಯೊ 8 ನಿಮಿಷಕ್ಕಿಂತ ಉದ್ದವಿದ್ದರೆ ನಡುವಿನ ಜಾಹೀರಾತು ಎಲ್ಲಿ ಬರಬೇಕೆಂಬುದು.

ಬೀಜಗಣಿತದ_ಬೆಂಚು
ಹಾಗಾದರೆ ನಾನು ಹುಡುಕಿದ ಗುಂಡಿಯೇ ಇಲ್ಲ. ಆದರೂ ಯಾವುದು ಹೆಚ್ಚು ಕೊಡುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಬಲ್ಲಿರಾ? ಲೆಕ್ಕವಿಲ್ಲದೆ ನನಗೆ ಯಾವುದೂ ತಲೆಗೆ ಹತ್ತುವುದಿಲ್ಲ.

ಹರಾಜುಕಟ್ಟೆ
ತೋರಿಸುತ್ತೇನೆ. ನಾನು ಕೆಲವು ವರ್ಷ ಜಾಹೀರಾತು ಕೊಳ್ಳುವವರ ಪರವಾಗಿ ಕೆಲಸ ಮಾಡಿದ್ದೇನೆ, ಆ ಕಡೆಯಿಂದ ನೋಡಿದರೆ ಇದು ಬೇಗ ತಿಳಿಯುತ್ತದೆ. ಒಬ್ಬೊಬ್ಬರ ನಾಣ್ಯ ಒಂದೊಂದಾದ್ದರಿಂದ ಹಣವನ್ನು "ಬಿಲ್ಲೆ" ಎಂದು ಕರೆಯೋಣ. ಕೆಳಗಿನ ಬೆಲೆಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು, ಮಾರುಕಟ್ಟೆಯ ದರಗಳಲ್ಲ.

ಒಬ್ಬ ಜಾಹೀರಾತುದಾರ ಸ್ಕಿಪ್ ಆಗುವ ಜಾಹೀರಾತಿಗೆ ಪ್ರತಿ ನೋಟಕ್ಕೆ 10 ಬಿಲ್ಲೆ ಕೊಡಲು ಸಿದ್ಧನಿದ್ದಾನೆ. ಇನ್ನೊಬ್ಬ ಬಂಪರ್‌ಗೆ ಸಾವಿರ ಪ್ರದರ್ಶನಕ್ಕೆ 1,200 ಬಿಲ್ಲೆ ಕೊಡುತ್ತಾನೆ. ಮೂರನೆಯವನು ಸ್ಕಿಪ್ ಆಗದ 15 ಸೆಕೆಂಡಿಗೆ ಸಾವಿರ ಪ್ರದರ್ಶನಕ್ಕೆ 2,500 ಕೊಡುತ್ತಾನೆ. ಬಂಪರ್ ಆಗಲಿ ಸ್ಕಿಪ್ ಆಗದ್ದಾಗಲಿ, ಬೆಲೆ ಪ್ರದರ್ಶನಕ್ಕೇ ಕಟ್ಟಿದ್ದು, ಏಕೆಂದರೆ ಅಲ್ಲಿ "ನೋಡಿದರೋ ಇಲ್ಲವೋ" ಎಂಬ ಆಯ್ಕೆಯೇ ಇಲ್ಲ.

ಈಗ ಮೊದಲ ಚಾನೆಲ್. ಅಲ್ಲಿನ ವೀಕ್ಷಕರು ತಾಳ್ಮೆಯವರು. ಸ್ಕಿಪ್ ಆಗುವ ಜಾಹೀರಾತನ್ನು ಸಾವಿರಕ್ಕೆ 300 ಮಂದಿ ಮೂವತ್ತು ಸೆಕೆಂಡು ನೋಡುತ್ತಾರೆ. ಜಾಹೀರಾತುದಾರ 3,000 ಬಿಲ್ಲೆ ತೆರುತ್ತಾನೆ. ಉದ್ದ ವಿಡಿಯೊಗಳಲ್ಲಿ ಚಾನೆಲ್‌ನ ಪಾಲು 55 ಶೇಕಡಾ, ಅಂದರೆ 1,650. ಅದೇ ಚಾನೆಲ್‌ಗೆ ಸ್ಕಿಪ್ ಆಗದ್ದು ಬಂದಿದ್ದರೆ 1,375, ಬಂಪರ್ ಬಂದಿದ್ದರೆ 660. ಮೂರನೇ ಟೇಕ್ ಅವರು ಗಮನಿಸಬೇಕು: ಇಲ್ಲಿ ಸ್ಕಿಪ್ ಆಗುವುದೇ ಗೆದ್ದಿದೆ.

ಎರಡನೆಯ ಚಾನೆಲ್‌ನಲ್ಲಿ ಸಾವಿರಕ್ಕೆ 100 ಮಂದಿ ಮಾತ್ರ ಕೊನೆಯವರೆಗೆ ನೋಡುತ್ತಾರೆ. ಜಾಹೀರಾತುದಾರ ತೆರುವುದು 1,000, ಚಾನೆಲ್‌ಗೆ ಸಿಗುವುದು 550. ಈಗ ಬಂಪರ್‌ನ 660 ಕೂಡ ಅದನ್ನು ಮೀರಿಸುತ್ತದೆ. ನಾನಿಟ್ಟ ಬೆಲೆಗಳಲ್ಲಿ ಬಂಪರ್ ಮತ್ತು ಸ್ಕಿಪ್ ಆಗುವುದು ಸಮವಾಗುವ ಗಡಿ ಸಾವಿರಕ್ಕೆ 120 ನೋಟ. ಅದಕ್ಕಿಂತ ಮೇಲಿದ್ದರೆ ಸ್ಕಿಪ್ ಆಗುವುದು ಲಾಭ, ಕೆಳಗಿದ್ದರೆ ಬಂಪರ್. ಪಾಲು ಎಲ್ಲ ಬಗೆಗೂ ಅದೇ 55; ವ್ಯತ್ಯಾಸವೆಲ್ಲ ಬರುವುದು ಕೊಳ್ಳುವವನು ತೆರುವ ಬೆಲೆಯಿಂದ.

ಬೀಜಗಣಿತದ_ಬೆಂಚು
ಇದು ಅರ್ಥವಾಯಿತು. ಅಂದರೆ "ಯಾವ ಬಗೆ ಹೆಚ್ಚು ಕೊಡುತ್ತದೆ" ಎಂಬ ಪ್ರಶ್ನೆಗೆ ಚಾನೆಲ್ ಯಾವುದೆಂದು ಹೇಳದೆ ಉತ್ತರವೇ ಇಲ್ಲ. ನನ್ನ ವಿದ್ಯಾರ್ಥಿಗಳು ಸಾವಿರಕ್ಕೆ ಎಷ್ಟು ಮಂದಿ ನೋಡುತ್ತಾರೋ ತಿಳಿಯದು. ಬಹುಶಃ ಎರಡನೆಯ ಚಾನೆಲ್ ನನ್ನದೇ.

ನೆನೆದ_ಲೆನ್ಸ್
ಇದರಿಂದಲೇ ನನ್ನ ಒಂದು ಹಳೆಯ ಗೊಂದಲ ಬಗೆಹರಿದಂತಾಯಿತು. ನನ್ನ ಚಾನೆಲ್‌ಗೆ ಬಂಪರ್‌ಗಳೇ ಹೆಚ್ಚು ಬರುತ್ತವೆ. ಬಂಪರ್ ಬರುವುದರಿಂದಲೇ ನನ್ನ ಗಳಿಕೆ ಕಡಿಮೆ ಎಂದು ನಾನು ಎರಡು ವರ್ಷ ಶಪಿಸಿದ್ದೇನೆ.

ಹರಾಜುಕಟ್ಟೆ
ನೀವು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದ್ದೀರಿ, ಇಲ್ಲಿ ಹೆಚ್ಚಿನವರು ಮಾಡುವುದೂ ಅದನ್ನೇ. ವಿಡಿಯೊ ತೆರೆದ ಕ್ಷಣ ಒಂದು ಹರಾಜು ನಡೆಯುತ್ತದೆ. ನೋಟಕ್ಕೆ ಬೆಲೆ ಕಟ್ಟಿದವನನ್ನು ಪ್ರದರ್ಶನಕ್ಕೆ ಬೆಲೆ ಕಟ್ಟಿದವನೊಡನೆ ತೂಗಬೇಕಾದರೆ, ಈ ವೀಕ್ಷಕ ಕೊನೆಯವರೆಗೆ ನೋಡುವ ಸಾಧ್ಯತೆ ಎಷ್ಟೆಂದು ಊಹಿಸಿ, ಆ ಸಾಧ್ಯತೆಯಿಂದ ನೋಟದ ಬೆಲೆಯನ್ನು ಗುಣಿಸಬೇಕು. ಎರಡನೆಯ ಚಾನೆಲ್‌ನಲ್ಲಿ ನೋಟದ ಖರೀದಿದಾರನ ತೂಕ ಸಾವಿರಕ್ಕೆ 1,000ವೇ ಆದ್ದರಿಂದ 1,200ರ ಬಂಪರ್ ಅವನನ್ನು ಹಿಂದಿಕ್ಕುತ್ತದೆ. ಬಂಪರ್ ಬಂದದ್ದರಿಂದ ನಿಮ್ಮ ಗಳಿಕೆ ಇಳಿಯಲಿಲ್ಲ. ನಿಮ್ಮ ವೀಕ್ಷಕರು ಬೇಗ ಸ್ಕಿಪ್ ಮಾಡುವವರಾದ್ದರಿಂದ ಬಂಪರ್ ಗೆದ್ದಿತು, ಅದು ಇಲ್ಲದಿದ್ದರೆ ಇನ್ನೂ ಕಡಿಮೆ ಬರುತ್ತಿತ್ತು. ನಿಜವಾದ ಹರಾಜಿನಲ್ಲಿ ಜಾಹೀರಾತಿನ ಗುಣಮಟ್ಟವೂ ಸೇರುತ್ತದೆ, ನಾನು ಹೇಳಿದ್ದು ಅದರ ಎಲುಬಿನ ಹಂದರವಷ್ಟೇ.

ಮೂರನೇ_ಟೇಕ್
ಆದರೆ ನಿಮ್ಮ ಎರಡೂ ಚಾನೆಲ್‌ಗಳನ್ನು ಸೇರಿಸಿ ನೋಡಿದರೆ ಸ್ಕಿಪ್ ಆಗದ್ದು 1,375ರಲ್ಲಿ ಅಲುಗದೆ ನಿಂತಿದೆ. ಸ್ಕಿಪ್ ಆಗುವುದು 1,650ಕ್ಕೂ ಹೋಗುತ್ತದೆ, 550ಕ್ಕೂ ಬೀಳುತ್ತದೆ. ನಿಶ್ಚಿತ ಆದಾಯ ಬೇಕೆನ್ನುವವನಿಗೆ ನನ್ನ ಮಾತೇ ಸರಿ.

ಹರಾಜುಕಟ್ಟೆ
ಅಷ್ಟರಮಟ್ಟಿಗೆ ಒಪ್ಪುತ್ತೇನೆ. ಆದರೆ ಆ 2,500 ಕೊಡುವವನು ನಿಮ್ಮ ವಿಡಿಯೊಕ್ಕೆ ಬರಬೇಕಲ್ಲ. ಅವನು ಬಾರದ ದಿನ ನಿಮ್ಮ ನಿಶ್ಚಿತ ಆದಾಯ ಸೊನ್ನೆ.

ಸೋಫಾದ_ಮೂಲೆ
ನಾನು ಚಾನೆಲ್ ನಡೆಸುವವಳಲ್ಲ, ನೋಡುವವಳು ಮಾತ್ರ. ನೀವೆಲ್ಲ ಬಿಲ್ಲೆ ಎಣಿಸುತ್ತಿದ್ದೀರಿ, ನಮ್ಮ ಕಡೆಯ ಲೆಕ್ಕವನ್ನೂ ಕೇಳಿ. ಸ್ಕಿಪ್ ಆಗುವುದು ಬಂದಾಗ ನಾನು ಜಾಹೀರಾತನ್ನು ನೋಡುವುದೇ ಇಲ್ಲ; ಮೂಲೆಯಲ್ಲಿ ಇಳಿಯುವ ಅಂಕಿಯನ್ನು ನೋಡುತ್ತಾ ಹೆಬ್ಬೆರಳನ್ನು ಸಿದ್ಧವಾಗಿಟ್ಟುಕೊಂಡಿರುತ್ತೇನೆ. ಬಂಪರ್ ಬಂದರೆ ಸಿಟ್ಟು ಬರುವಷ್ಟರಲ್ಲಿ ಅದು ಮುಗಿದಿರುತ್ತದೆ. ಸ್ಕಿಪ್ ಆಗದ ಎರಡು ಒಂದರ ಹಿಂದೆ ಒಂದು ಬಂದರೆ, ವಿಡಿಯೊ ನನಗೆ ತೀರಾ ಅಗತ್ಯವಾಗಿದ್ದರೆ ಕಾಯುತ್ತೇನೆ, ಇಲ್ಲವಾದರೆ ಹಿಂದಕ್ಕೆ ಹೋಗಿ ಬೇರೆಯದನ್ನು ತೆರೆಯುತ್ತೇನೆ. ಟಿವಿಯಲ್ಲಾದರೆ ಮಾತೇ ಬೇರೆ. ರಿಮೋಟ್ ದಿಂಬಿನ ಕೆಳಗೆ ಸೇರಿಕೊಂಡಿರುತ್ತದೆ, ಆದ್ದರಿಂದ ಸ್ಕಿಪ್ ಆಗುವುದೂ ಪೂರ್ತಿ ಓಡುತ್ತದೆ.

ನೆನೆದ_ಲೆನ್ಸ್
ನಿಮ್ಮ ದಿಂಬು ಯಾವುದೋ ಚಾನೆಲ್‌ನವರ ಮನೆ ನಡೆಸುತ್ತಿದೆ.

ಐದು_ಸೆಕೆಂಡ್
ನಾನು ಜಾಹೀರಾತು ತಯಾರಿಸುವವರಲ್ಲಿ ಒಬ್ಬ, ಸೋಫಾದ ಮೂಲೆಯವರು ಹೇಳಿದ ಹೆಬ್ಬೆರಳು ನಮಗೆ ಚೆನ್ನಾಗಿ ಗೊತ್ತು. ನೋಟಕ್ಕೆ ಹಣ ಕೊಡುವ ಜಾಹೀರಾತಿನಲ್ಲಿ ಮೊದಲ ಐದು ಸೆಕೆಂಡು ನಮಗೆ ಪುಕ್ಕಟೆ. ಆದ್ದರಿಂದ ಸರಕಿನ ಹೆಸರನ್ನೂ ಚಿತ್ರವನ್ನೂ ಅಲ್ಲಿಯೇ ಹೇಳಿ ಮುಗಿಸುತ್ತೇವೆ. ಸ್ಕಿಪ್ ಮಾಡಿದವನೂ ಹೆಸರನ್ನು ನೋಡಿಯೇ ಹೋಗಿರುತ್ತಾನೆ.

ಬೀಜಗಣಿತದ_ಬೆಂಚು
ಅಂದರೆ ನನ್ನ ಪಾಠದ ಮುಂದೆ ನೀವು ಐದು ಸೆಕೆಂಡು ಪುಕ್ಕಟೆ ಪ್ರಚಾರ ಪಡೆದಿರಿ, ವಿದ್ಯಾರ್ಥಿನಿಯ ಐದು ಸೆಕೆಂಡು ಹೋಯಿತು, ನನಗೆ ಸೊನ್ನೆ ಬಂತು. ಇದು ಯಾವ ನ್ಯಾಯ?

ಐದು_ಸೆಕೆಂಡ್
ಪೂರ್ತಿ ಪುಕ್ಕಟೆಯಲ್ಲ ಮೇಷ್ಟ್ರೇ. ಎಲ್ಲ ಜಾಹೀರಾತುದಾರರಿಗೂ ಆ ಐದು ಸೆಕೆಂಡಿನ ಲಾಭ ಗೊತ್ತಿರುವುದರಿಂದ, ಕೊನೆಯವರೆಗೆ ನೋಡಿದ ಒಂದು ನೋಟಕ್ಕೆ ಅವರು ಹೆಚ್ಚು ಬೆಲೆ ಕಟ್ಟುತ್ತಾರೆ. ಸ್ಕಿಪ್ ಮಾಡಿದವರ ಬಾಬತ್ತು ನೋಡಿದವರ ಬೆಲೆಯಲ್ಲಿ ಸೇರಿಕೊಂಡಿರುತ್ತದೆ.

ನೆನೆದ_ಲೆನ್ಸ್
ಆ ವಾದ ಕಾಗದದ ಮೇಲೆ ಚೆನ್ನಾಗಿದೆ. ಆದರೆ ಸೇರಿಕೊಂಡ ಬೆಲೆ ಹೋಗುವುದು ತಾಳ್ಮೆಯ ವೀಕ್ಷಕರಿರುವ ಚಾನೆಲ್‌ಗೆ. ಐದು ಸೆಕೆಂಡು ಕಳೆದುಕೊಂಡದ್ದು ನನ್ನ ವೀಕ್ಷಕ. ಒಬ್ಬನ ಹೊಲದ ನೀರು ಇನ್ನೊಬ್ಬನ ಬೆಳೆಗೆ ಹರಿದಂತಾಯಿತು.

ಐದು_ಸೆಕೆಂಡ್
ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಬಂಪರ್‌ನಲ್ಲಾದರೆ ಆ ತಕರಾರು ಇಲ್ಲ, ಪ್ರತಿ ಪ್ರದರ್ಶನಕ್ಕೂ ನಾವು ಹಣ ಕೊಡುತ್ತೇವೆ.

ಹಳೇ_ರೀಲು
ಈ ಜಗಳ ಹೊಸದಲ್ಲ. ಐದು ಸೆಕೆಂಡಿನ ಸ್ಕಿಪ್ ಗುಂಡಿ ಬಂದದ್ದು 2010ರ ಕೊನೆಯಲ್ಲಿ. ಆರು ಸೆಕೆಂಡಿನ ಬಂಪರ್ ಬಂದದ್ದು 2016ರಲ್ಲಿ. ಸ್ಕಿಪ್ ಆಗದ ಮೂವತ್ತು ಸೆಕೆಂಡಿನವುಗಳನ್ನು 2018ರಿಂದ ನಿಲ್ಲಿಸುತ್ತೇವೆ ಎಂದು 2017ರಲ್ಲಿ ಹೇಳಿದಾಗ ನಾವೆಲ್ಲ ಹಬ್ಬ ಮಾಡಿದ್ದೆವು. 2023ರಲ್ಲಿ ಟಿವಿ ಪರದೆಗೆಂದು ಅವೇ ಮೂವತ್ತು ಸೆಕೆಂಡು ಮರಳಿ ಬಂದವು. ಮುಂಬಾಗಿಲಿನಿಂದ ಕಳಿಸಿದ ನೆಂಟ ಹಿತ್ತಿಲಿನಿಂದ ಬಂದು ಕುಳಿತ ಹಾಗೆ.

ಬೀಜಗಣಿತದ_ಬೆಂಚು
ನನಗೆ ಇನ್ನೊಂದು ಅನುಮಾನ. ಸ್ಕಿಪ್ ಆಗದ ಜಾಹೀರಾತನ್ನು ಕಂಡು ಎಷ್ಟು ಮಂದಿ ಪಾಠವನ್ನು ತಲುಪದೆಯೇ ಹೊರಟುಹೋಗುತ್ತಾರೆ? ನನ್ನ ವೀಕ್ಷಣೆಯ ರೇಖೆಯಲ್ಲಿ ಮೊದಲ ಸೆಕೆಂಡಿನಲ್ಲಿ ಅಂಥ ಕುಸಿತವೇನೂ ಕಾಣುವುದಿಲ್ಲ.

ಮೂರನೇ_ಟೇಕ್
ಕುಸಿತ ಕಾಣದಿದ್ದರೆ ಯಾರೂ ಹೋಗಿಲ್ಲ ಎಂದರ್ಥ. ನಾನು ಹೇಳಲಿಲ್ಲವೇ?

ಹರಾಜುಕಟ್ಟೆ
ಇಲ್ಲ, ಆ ರೇಖೆಯಲ್ಲಿ ಅವರು ಕಾಣುವುದೇ ಇಲ್ಲ. ರೇಖೆ ಆರಂಭವಾಗುವುದು ವಿಡಿಯೊ ಆರಂಭವಾದ ಮೇಲೆ. ಬಾಗಿಲಲ್ಲೇ ತಿರುಗಿ ಹೋದವನನ್ನು ಒಳಗಿನ ಕುರ್ಚಿ ಎಣಿಸಿ ಕಂಡುಹಿಡಿಯಲಾಗದು. ಆದರೆ ಅವನು ಬೇರೊಂದು ಕಡೆ ಲೆಕ್ಕಕ್ಕೆ ಸಿಗುತ್ತಾನೆ. ಸ್ಟುಡಿಯೊದಲ್ಲಿ Estimated monetized playbacks ಎಂಬ ಒಂದು ಅಂಕಿ ಇದೆ. ಕನಿಷ್ಠ ಒಂದು ಜಾಹೀರಾತು ಕಂಡು ವಿಡಿಯೊ ನೋಡಿದವರು ಅದರಲ್ಲಿ ಸೇರುತ್ತಾರೆ. ಮೊದಲ ಜಾಹೀರಾತಿನಲ್ಲೇ ಎದ್ದುಹೋಗಿ ವಿಡಿಯೊವನ್ನು ತಲುಪದವರೂ ಸೇರುತ್ತಾರೆ. ಇವರಿಬ್ಬರನ್ನೂ ಬೇರ್ಪಡಿಸಿ ಮಾತ್ರ ತೋರಿಸುವುದಿಲ್ಲ. ಆದ್ದರಿಂದ ಎಷ್ಟು ಮಂದಿ ಹೋದರು ಎಂಬ ನಿಖರ ಸಂಖ್ಯೆ ನಿಮಗೆ ಸಿಗದು.

ನಡುವಿನ ಜಾಹೀರಾತಿನ ಮಾತು ಬೇರೆ. ಅದು ಬರುವ ನಿಮಿಷದಲ್ಲಿ ರೇಖೆ ಥಟ್ಟನೆ ಕುಸಿದರೆ ಕಣ್ಣಿಗೇ ಕಾಣುತ್ತದೆ. ನಿಮ್ಮ ಕೈಗೆ ಸಿಗುವ ಸುಳಿವು ಅದೊಂದೇ, ಅದನ್ನು ಬಳಸಿಕೊಳ್ಳಿ.

ಜೊತೆಗೆ Advanced mode ತೆರೆದು Ad type ಎಂದು ವಿಂಗಡಿಸಿ. ಬಂಪರ್, ಸ್ಕಿಪ್ ಆಗುವುದು, ಆಗದ್ದು ಪ್ರತ್ಯೇಕವಾಗಿ ಬರುತ್ತವೆ, ಅವುಗಳ ಸಿಪಿಎಂ ಕೂಡ. ಆದರೆ ಒಂದು ಎಚ್ಚರ: ಸಿಪಿಎಂ ಎಂಬುದು ನಿಮ್ಮ ಪಾಲನ್ನು ತೆಗೆಯುವ ಮುಂಚೆ ಜಾಹೀರಾತುದಾರ ತೆತ್ತ ಬೆಲೆ. ನಿಮ್ಮ ಕೈಗೆ ಬಂದದ್ದನ್ನು ತೋರಿಸುವುದು ಆರ್‌ಪಿಎಂ, ಅದನ್ನು ಜಾಹೀರಾತು ಕಾಣದವರೂ ಸೇರಿ ಎಲ್ಲ ವೀಕ್ಷಣೆಗಳ ಮೇಲೆ ಹರಡಿ ಲೆಕ್ಕ ಹಾಕಿರುತ್ತಾರೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು "ನನ್ನ ಹಣ ಎಲ್ಲಿ ಹೋಯಿತು" ಎಂದು ಇಲ್ಲಿಗೆ ಬಂದವರು ಬಹಳ ಮಂದಿ.

ನೆನೆದ_ಲೆನ್ಸ್
ಅವರಲ್ಲಿ ನಾನೂ ಒಬ್ಬ. ದಯವಿಟ್ಟು ಆ ಹಳೆಯ ಚರ್ಚೆಯನ್ನು ಯಾರೂ ಮತ್ತೆ ತೆರೆಯಬೇಡಿ.

ಕಿರುಪರದೆ
ನನ್ನ ಪ್ರಶ್ನೆ ಇಷ್ಟು ದೂರ ಬಂದಿತೆಂದು ನನಗೆ ಗೊತ್ತಿರಲಿಲ್ಲ. ನಾನೂ ಉದ್ದ ವಿಡಿಯೊ ಮಾಡಿದರೆ ನನ್ನ ವೀಕ್ಷಕರು ಸಾವಿರಕ್ಕೆ ನೂರು ಮಂದಿಯಾದರೂ ನೋಡುತ್ತಾರೆಯೇ?

ಸೋಫಾದ_ಮೂಲೆ
40 ಸೆಕೆಂಡಿನ ವಿಡಿಯೊಗೆ ಬಂದವರು 30 ಸೆಕೆಂಡಿನ ಜಾಹೀರಾತು ನೋಡುತ್ತಾರೆಂದು ನಂಬುವ ನಿಮ್ಮ ಧೈರ್ಯಕ್ಕೆ ನಮಸ್ಕಾರ.

ಬೀಜಗಣಿತದ_ಬೆಂಚು
ಮೂರು ವಾರ ಕಳೆದು ಬರೆಯುತ್ತಿದ್ದೇನೆ. ವಿಂಗಡಿಸಿ ನೋಡಿದೆ. ನನ್ನಲ್ಲಿ ಸ್ಕಿಪ್ ಆಗುವುದರ ಸಿಪಿಎಂ ಬಂಪರ್‌ಗಿಂತ ಕೂದಲೆಳೆಯಷ್ಟು ಮೇಲಿದೆ. ಹರಾಜುಕಟ್ಟೆಯವರ ಗಡಿಯ ಹತ್ತಿರವೇ ನಾನು ನಿಂತಿದ್ದೇನೆ ಎನ್ನಬಹುದು. ಸ್ಕಿಪ್ ಆಗದ್ದರ ಸಿಪಿಎಂ ಎಲ್ಲಕ್ಕಿಂತ ಹೆಚ್ಚು, ಆದರೆ ಪ್ರದರ್ಶನಗಳ ಸಂಖ್ಯೆ ಕಡಿಮೆ. ಮೂರನೇ ಟೇಕ್ ಅವರು ಬೀಗಬಹುದು.

ಹೆಚ್ಚು ಕೆಲಸಕ್ಕೆ ಬಂದದ್ದು ಆ ರೇಖೆ. ಒಂದು ಪಾಠದಲ್ಲಿ ಒಂಬತ್ತನೇ ನಿಮಿಷಕ್ಕೆ ಕಡಿದಾದ ಕುಸಿತವಿತ್ತು. ಅಲ್ಲಿಗೆ ಹೋಗಿ ನೋಡಿದರೆ, ತಾನಾಗಿಯೇ ಸೇರಿದ್ದ ನಡುವಿನ ಜಾಹೀರಾತು ಸಮೀಕರಣದ ಎಡಬದಿ ಬರೆದ ಮೇಲೆ, ಬಲಬದಿ ಬರೆಯುವ ಮುಂಚೆ ಬರುತ್ತಿತ್ತು. ಅಲ್ಲಿ ನಾನು ಸುಣ್ಣದ ಕಡ್ಡಿ ಬದಲಿಸಲು ಒಂದು ಕ್ಷಣ ಮೌನವಾಗಿದ್ದೆ. ಅದನ್ನೇ ಸಹಜ ವಿರಾಮವೆಂದು ತಿಳಿದಿರಬೇಕು. ಅದನ್ನು ತೆಗೆದು, ಲೆಕ್ಕ ಮುಗಿದು ಮುಂದಿನ ಲೆಕ್ಕ ಆರಂಭವಾಗುವಲ್ಲಿ ಕೈಯಾರೆ ಇಟ್ಟೆ. ಕುಸಿತ ಈಗ ಅಷ್ಟು ಕಡಿದಾಗಿಲ್ಲ. ಎಷ್ಟು ಮಂದಿ ಉಳಿದರು ಎಂದು ಹೇಳಲು ಮೂರು ವಾರ ಸಾಲದು.

ಹರಾಜುಕಟ್ಟೆ
ಒಂದು ಪಾಠ ಸಾಲದು ಕೂಡ. ಅದೇ ಉದ್ದದ ನಾಲ್ಕೈದು ಪಾಠಗಳಲ್ಲಿ ಸ್ಥಳ ಬದಲಿಸಿ, ಉಳಿದವನ್ನು ಹಾಗೆಯೇ ಬಿಟ್ಟು ಹೋಲಿಸಿ. ಪರೀಕ್ಷೆಯ ತಿಂಗಳನ್ನು ರಜೆಯ ತಿಂಗಳೊಡನೆ ಮಾತ್ರ ಹೋಲಿಸಬೇಡಿ. ಆಗ ವೀಕ್ಷಕರ ತಾಳ್ಮೆಯೂ ಬದಲಾಗಿರುತ್ತದೆ, ಜಾಹೀರಾತಿನ ಬೆಲೆಯೂ ಬದಲಾಗಿರುತ್ತದೆ.

ಮೂರನೇ_ಟೇಕ್
ಸ್ಕಿಪ್ ಆಗದ್ದರ ಸಿಪಿಎಂ ಎಲ್ಲಕ್ಕಿಂತ ಹೆಚ್ಚು ಎಂದು ಮೇಷ್ಟ್ರೇ ಬರೆದಿದ್ದಾರೆ. ಆ ಸಾಲನ್ನು ನಾನು ಉಳಿಸಿಟ್ಟುಕೊಂಡಿದ್ದೇನೆ.

ನೆನೆದ_ಲೆನ್ಸ್
ಪ್ರದರ್ಶನಗಳ ಸಂಖ್ಯೆ ಕಡಿಮೆ ಎಂಬ ಸಾಲನ್ನೂ ಅದರ ಪಕ್ಕದಲ್ಲೇ ಉಳಿಸಿಟ್ಟುಕೊಳ್ಳಿ. ಆದರೆ ಅವು ಹೆಚ್ಚಿದ್ದರೆ ಎಷ್ಟು ವಿದ್ಯಾರ್ಥಿಗಳು ಮರಳಿ ಬರುತ್ತಿರಲಿಲ್ಲ ಎಂಬುದನ್ನು ಯಾರು ಅಳೆಯಬಲ್ಲರು? ಬಗೆಯನ್ನು ಆರಿಸುವ ಅವಕಾಶವಿದ್ದಾಗ ನಾವು ಯಾರೂ ಅಳೆಯಲಿಲ್ಲ, ಈಗ ಅಳೆಯಲು ಗುಂಡಿಯೇ ಇಲ್ಲ.

ಬೀಜಗಣಿತದ_ಬೆಂಚು
ಆ ವಿದ್ಯಾರ್ಥಿನಿಗೆ ಮೊದಲ ಜಾಹೀರಾತಿನ ಬಗೆ ನನ್ನ ಕೈಯಲ್ಲಿಲ್ಲ ಎಂದು ವಿವರಿಸಿ ಬರೆದೆ. ಪದೇ ಪದೇ ಕೇಳುವ ಹೆಜ್ಜೆಗಳನ್ನು ಮಾತ್ರ ಬೇರೆ ಚಿಕ್ಕ ವಿಡಿಯೊಗಳಾಗಿ ಮಾಡಿ, ಅವುಗಳಲ್ಲಿ ಜಾಹೀರಾತನ್ನೇ ಆಫ್ ಮಾಡಿಟ್ಟಿದ್ದೇನೆ. "ಈಗ ಅನುಮಾನ ನೆನಪಿರುತ್ತದೆ ಸರ್, ಉತ್ತರ ಮಾತ್ರ ಇನ್ನೂ ಅರ್ಥವಾಗಿಲ್ಲ" ಎಂದು ಉತ್ತರ ಬಂದಿದೆ.